ಜೋತುಬಿದ್ದ ಜಿಪ್ಸಂ ಸೀಲಿಂಗ್: ಸಿಮೆಂಟ್ ಬೋರ್ಡ್ ಹಾಕಿಸಲೋ, ಪಿಒಪಿಗೆ ಹೋಗಲೋ? ಗಂಗಾವತಿ ಕಡೆಯವರು ಹೇಳ್ರಿ

ಎಡದಂಡೆ ಮನಿ · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಮನಿ ಗಂಗಾವತಿಯಿಂದ ಕಾರಟಗಿ ಕಡೆ ಹೋಗೋ ದಾರ್ಯಾಗ ಐತಿ. ಮೂರು ಕಡೆ ಭತ್ತದ ಗದ್ದಿ. ಕಾಲುವಿಗೆ ನೀರು ಬಿಟ್ಟರ ಕಾಂಪೌಂಡ್ ಗೋಡಿತನಕ ನೀರು ನಿಂತಿರ್ತೈತಿ. ಮನಿ ಕಟ್ಟಿ ಮೂರು ವರ್ಷ ಆತು. ಹಾಲ್ 18 ಅಡಿಗೆ 14 ಅಡಿ. ಅಲ್ಲಿ ಮತ್ತ ಮಲಗೋ ಕೋಣ್ಯಾಗ ಜಿಪ್ಸಂ ಬೋರ್ಡಿನ ಫಾಲ್ಸ್ ಸೀಲಿಂಗ್ ಮಾಡಿಸೀವಿ, ಅರ್ಧ ಇಂಚಿನ ಬೋರ್ಡು.

ಈಗ ಹಾಲಿನ ಸೀಲಿಂಗು ಅಲ್ಲಲ್ಲಿ ಹೊಟ್ಟಿ ಬಿಟ್ಟಂಗ ಕೆಳಗ ಜೋತೈತಿ. ರಾತ್ರಿ ಲೈಟ್ ಹಾಕಿದ್ರ ತೆರಿತೆರಿಯಾಗಿ ಕಾಣಸ್ತೈತಿ. ಮಲಗೋ ಕೋಣ್ಯಾಗ ಜೋತಿಲ್ಲ, ಆದ್ರ ಒಂದು ಮೂಲ್ಯಾಗ ಚಹಾ ಚೆಲ್ಲಿದಂಗ ಕಂದು ಬಣ್ಣದ ಉಂಗುರ ಎದ್ದಾವ.

ಇಂಟೀರಿಯರ್ ಮಾಡಾವ್ರು ಎಲ್ಲ ಕಿತ್ತು ಸಿಮೆಂಟ್ ಬೋರ್ಡ್ ಹಾಕ್ಸಿಬಿಡ್ರಿ, ಜೀವನಪರ್ಯಂತ ಚಿಂತಿಲ್ಲ ಅಂತಾರ. ನಮ್ಮಣ್ಣ ಪಿಒಪಿನ ಗಟ್ಟಿ ಅಂತಾನ. ಇದರ ಜೋಡಿ ಊಟದ ಜಾಗಕ್ಕೂ ಕೈತೊಳಿಯೋ ಬೇಸಿನ್ನಿಗೂ ನಡುವ ಒಂದು ಪಾರ್ಟಿಶನ್ ಮಾಡಿಸಬೇಕು. ಯಾವುದು ಹಾಕ್ಸಲಿ?

ಹಳೇ ಕರಣಿ · ಭಾನುವಾರ

ನಿಮ್ಮಣ್ಣ ಹೇಳಿದ್ದ ಖರೆ ಐತಿ ತಮ್ಮಾ. ನಾನು 25 ವರ್ಷ ಗೌಂಡಿ ಕೆಲಸ ಮಾಡೀನಿ. ಬೋರ್ಡು ಅಂದ್ರ ಎರಡು ಕಾಗದದ ನಡುವ ಹಿಟ್ಟು, ಅಷ್ಟ. ಪಿಒಪಿ ಹಂಗಲ್ಲ, ಕೈಯಾಗ ಕಲಸಿ ಜಾಳಿಗಿಗೆ ಹಿಡಿಸಿದ್ದು ಕಲ್ಲಾಗಿ ಕೂಡತೈತಿ. ಬಳ್ಳಾರಿ ಕೋಟಿ ಕಡೆ ಒಂದು ಮನ್ಯಾಗ ನಾನು ಮಾಡಿದ್ದು ಇಪ್ಪತ್ತು ವರ್ಷ ಆದ್ರೂ ಹಂಗ ಐತಿ. ನಿಮ್ಮ ಕಡೆ ತೇವ ಜಾಸ್ತಿ ಅಂದ್ರ ಪಿಒಪಿಗೆ ಸ್ವಲ್ಪ ಬಿಳಿ ಸಿಮೆಂಟ್ ಕೂಡಿಸಿ ಕಲಸ್ರಿ, ನೀರಿಗೂ ತಡಿತೈತಿ.

ಸವಳು ಹೊಲ · ಭಾನುವಾರ

ಜಿಪ್ಸಂ ಎಕರೆಗೆ ಎಷ್ಟು ಚೀಲ ಹಾಕಿದ್ರಿ? ನಮ್ಮದೂ ಕಾರಟಗಿ ಹತ್ರನ, ನಾಲ್ಕು ಎಕರೆ ಸವಳು ಹಿಡದೈತಿ.

ಎಡದಂಡೆ ಮನಿ · ಭಾನುವಾರ

ಅಣ್ಣಾರ, ಇದು ಹೊಲದ್ದಲ್ರಿ, ಮನಿ ಸೀಲಿಂಗಿಂದು 😄

ರಾಯಚೂರು ಇಂಟೀರಿಯರ್ · ಭಾನುವಾರ ಸಂಜೆ

ಪಿಒಪಿ ಕಾಲ ಮುಗಿದಿದೆ ಸರ್. ಸಿಮೆಂಟ್ ಬೋರ್ಡ್ ಹಾಕಿಸಿ, 6 ಅಥವಾ 8 ಎಂಎಂ. ನೀರಲ್ಲಿ ಮುಳುಗಿಸಿಟ್ಟರೂ ಕರಗಲ್ಲ, ಜೋತು ಬೀಳಲ್ಲ, ಗೆದ್ದಲು ತಿನ್ನಲ್ಲ. ನಿಮ್ಮಂಥ ಗದ್ದೆ ಪಕ್ಕದ ಮನೆಗೆ ಬೇರೆ ಯೋಚನೆಯೇ ಬೇಡ. ನಾನು ವರ್ಷಕ್ಕೆ ಹತ್ತಿಪ್ಪತ್ತು ಮನೆಗೆ ಇದನ್ನೇ ಹಾಕ್ತೀನಿ.

ಬಳ್ಳಾರಿ ಸೈಟ್ ಡೈರಿ · ಭಾನುವಾರ ರಾತ್ರಿ

ಎಡದಂಡೆಯವರೇ, ಯಾವ ಬೋರ್ಡು ಅನ್ನೋದು ಆಮೇಲೆ. ನಿಮ್ಮ ಮನೆಯಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇದ್ದಂತೆ ಕಾಣುತ್ತದೆ. ಎರಡಕ್ಕೂ ಒಂದೇ ಔಷಧ ಕೊಟ್ಟರೆ ದುಡ್ಡು ಹೋಗುತ್ತದೆ, ಕಾಯಿಲೆ ಉಳಿಯುತ್ತದೆ.

ಅಂಚು ಕಪ್ಪಗೆ, ನಡುವೆ ತಿಳಿಯಾಗಿ ಕಂದು ಉಂಗುರ ಬಂದಿದ್ದರೆ ಅದು ಗಾಳಿಯ ತೇವದ್ದಲ್ಲ. ಮೇಲಿಂದ ನೀರು ಇಳಿದು, ಒಣಗಿ, ಮತ್ತೆ ಇಳಿದ ಗುರುತು ಅದು. ಪ್ರತಿ ಸಲ ಒಣಗುವಾಗ ಬಣ್ಣ ಅಂಚಿಗೆ ಹೋಗಿ ನಿಲ್ಲುತ್ತದೆ. ಉಂಗುರದೊಳಗೆ ಉಂಗುರ ಇದ್ದರೆ ಎಷ್ಟು ಸಲ ಇಳಿದಿದೆ ಅಂತ ಎಣಿಸಲೂಬಹುದು. ಗಾಳಿಯ ತೇವ ಹಾಗೆ ಒಂದು ಮೂಲೆ ಹುಡುಕಿಕೊಂಡು ಹೋಗುವುದಿಲ್ಲ. ಇಡೀ ಬೋರ್ಡನ್ನು ಒಂದೇ ಸಮ ಮೆತ್ತಗೆ ಮಾಡುತ್ತದೆ. ಆಗ ಬೋರ್ಡು ತನ್ನ ಭಾರಕ್ಕೇ, ಅದನ್ನು ಸ್ಕ್ರೂ ಹೊಡೆದು ಹಿಡಿಸಿದ ಎರಡು ಚಾನೆಲ್ ಪಟ್ಟಿಗಳ ನಡುವೆ ಬಗ್ಗುತ್ತದೆ. ನಿಮ್ಮ ಹಾಲಿನ ತೆರೆತೆರೆ ಅದು.

ನಾಳೆ ಮೂರು ಕೆಲಸ ಮಾಡಿ. ಮೂರಕ್ಕೂ ಸೇರಿ ಐವತ್ತು ರೂಪಾಯಿ ಖರ್ಚಾಗದು.

ಮೊದಲನೆಯದು, ಹಾಲಿನಲ್ಲಿ ಒಂದು ಸಣ್ಣ ಅಯಸ್ಕಾಂತ ಹಿಡಿದು ಸೀಲಿಂಗಿನ ಮೇಲೆ ನಿಧಾನಕ್ಕೆ ಆಡಿಸಿ. ಸ್ಕ್ರೂ ಇರುವಲ್ಲಿ ಅಂಟಿಕೊಳ್ಳುತ್ತದೆ. ಸ್ಕ್ರೂ ಸಾಲುಗಳ ನಡುವೆ ಎಷ್ಟು ಇಂಚು ಅಂತ ಟೇಪ್ ಹಿಡಿದು ಬರೆದುಕೊಳ್ಳಿ. 18 ಇಂಚು ಇರಬೇಕು, ನಿಮ್ಮಂಥ ಜಾಗದಲ್ಲಿ 16 ಇದ್ದರೆ ಇನ್ನೂ ಒಳ್ಳೆಯದು.

ಎರಡನೆಯದು, ಮಲಗುವ ಕೋಣೆಯಲ್ಲಿ ಉಂಗುರದ ಪಕ್ಕ ಒಂದಡಿ ಚೌಕಕ್ಕೆ ಬೋರ್ಡು ಕತ್ತರಿಸಿ. ಆ ತುಂಡು ಹೇಗೂ ಹೋಗುವುದೇ. ಕೈ ಮೇಲೆ ಹಾಕಿ ಸ್ಲ್ಯಾಬಿನ ಅಡಿಗೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಚ್ಚಿ. ಒಂದು ದಿನ ಬಿಟ್ಟು ನೋಡಿ. ಹಾಳೆಗೂ ಸ್ಲ್ಯಾಬಿಗೂ ನಡುವೆ ಹನಿ ಕಟ್ಟಿದ್ದರೆ ತೇವ ಸ್ಲ್ಯಾಬಿನೊಳಗಿಂದ ಬರುತ್ತಿದೆ ಅಂತ ಅರ್ಥ.

ಮೂರನೆಯದು, ಮಹಡಿ ಹತ್ತಿ ಆ ಮೂಲೆಯ ನೇರಕ್ಕೆ ಮೇಲೆ ಏನಿದೆ ನೋಡಿ ಬರೆಯಿರಿ. ಮತ್ತೊಂದು ಪ್ರಶ್ನೆ: ಬೇಸಿಗೆಯಲ್ಲಿ ಹಾಲಿನಲ್ಲಿ ಏನು ಹಾಕುತ್ತೀರಿ, ಎಸಿಯೋ ಕೂಲರೋ?

ಬಳ್ಳಾರಿ ಸೈಟ್ ಡೈರಿ · ಭಾನುವಾರ ರಾತ್ರಿ

ಹಳೇ ಕರಣಿ ಕಾಕಾ, ನಿಮ್ಮ ಕೈಗೆ ನಮಸ್ಕಾರ. ಆದರೆ ಬಿಳಿ ಸಿಮೆಂಟ್ ಮಾತು ದಯವಿಟ್ಟು ಹಿಂತೆಗೆದುಕೊಳ್ಳಿ. ಪಿಒಪಿಯೂ ಜಿಪ್ಸಮ್ಮೇ. ಜಿಪ್ಸಂ ಕಲ್ಲು ಹುರಿದು ನೀರು ಹಾರಿಸಿದ ಪುಡಿ ಅದು, ನೀರು ಹಾಕಿದರೆ ತಿರುಗಿ ಜಿಪ್ಸಂ ಆಗುತ್ತದೆ. ಜಿಪ್ಸಂ, ಸಿಮೆಂಟ್ ಎರಡೂ ಕೂಡಿ ತೇವದಲ್ಲಿ ಇದ್ದರೆ ಒಳಗೊಳಗೇ ಉಬ್ಬುವ ಹರಳು ಬೆಳೆಯುತ್ತದೆ. ಕಲಸುವಾಗ ಬೇಗ ಗಟ್ಟಿಯಾಗುತ್ತದೆ, ಕೈಗೆ ಖುಷಿಯಾಗುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಹೆಕ್ಕಳ ಹೆಕ್ಕಳವಾಗಿ ಉದುರುತ್ತದೆ. ಒಣ ಜಾಗದಲ್ಲಿ ಏನೂ ಆಗದೆ ಉಳಿದಿರುತ್ತದೆ, ಅದಕ್ಕೇ ಬಹಳ ಜನ ನಂಬಿದ್ದಾರೆ. ಬಳ್ಳಾರಿ ಕೋಟೆ ಹತ್ತಿರದ ಒಣ ಮನೆಯ ಲೆಕ್ಕ ಗದ್ದೆ ನಡುವಿನ ಮನೆಗೆ ಬರುವುದಿಲ್ಲ.

ಸವಳು ಹೊಲದವರೇ, ನೀವು ದಾರಿ ತಪ್ಪಿ ಬಂದರೂ ಸರಿಯಾದ ಜಾಗಕ್ಕೇ ಬಂದಿದ್ದೀರಿ. ಜಿಪ್ಸಂ ನೀರಿನಲ್ಲಿ ಅಷ್ಟಿಷ್ಟು ಕರಗುತ್ತದೆ, ಲೀಟರಿಗೆ ಎರಡು ಗ್ರಾಂ ಚಿಲ್ಲರೆ. ಹಾಗೆ ಕರಗಿ ಮಣ್ಣಿಗಿಳಿದು ಸೋಡಿಯಂ ಅನ್ನು ಹೊರಗೆ ಹಾಕುವುದರಿಂದಲೇ ನಿಮ್ಮ ಹೊಲಕ್ಕೆ ಅದು ಬೇಕು. ಅದೇ ಗುಣಕ್ಕೆ ಹನಿ ಬೀಳುವ ಸೀಲಿಂಗಿಗೆ ಅದು ಬೇಡ. ಎಕರೆಗೆ ಎಷ್ಟು ಅಂತ ಮಣ್ಣು ಪರೀಕ್ಷೆ ಇಲ್ಲದೆ ಯಾರೂ ಹೇಳಲಾರರು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿ.

ಕೊಪ್ಪಳದ ಕನ್ನಡಕ · ಸೋಮವಾರ

ಇಂಟೀರಿಯರ್ ಸರ್‌ಗೆ ಒಂದು ಮಾತು. ನಾವು ಕೊಪ್ಪಳದಲ್ಲಿ ಇಡೀ ಹಾಲಿಗೆ ಸಿಮೆಂಟ್ ಬೋರ್ಡ್ ಹಾಕಿಸಿದ್ವಿ. ಜೋತಿಲ್ಲ, ಒಪ್ತೀನಿ. ಆದರೆ ಬೋರ್ಡು ಬೋರ್ಡಿನ ನಡುವೆ ಕೂದಲೆಳೆ ಬಿರುಕು. ಏಪ್ರಿಲ್‌ನಲ್ಲಿ ಬಾಯಿ ಬಿಡ್ತದೆ, ಮಳೆಗಾಲದಲ್ಲಿ ಮುಚ್ಕೊಳ್ತದೆ. ಮೂರು ಸಲ ಪುಟ್ಟಿ ತುಂಬಿ ಪೇಂಟ್ ಮಾಡಿಸಿ ಸಾಕಾಯ್ತು. ನಮ್ಮ ಅತ್ತೆಯವರು "ಪಂಚಾಂಗ ಬೇಡ, ಮ್ಯಾಲ ನೋಡಿದ್ರ ತಿಂಗಳು ತಿಳಿತೈತಿ" ಅಂತಾರೆ.

ರಾಯಚೂರು ಇಂಟೀರಿಯರ್ · ಸೋಮವಾರ

ಅದು ಕೆಲಸಗಾರರ ತಪ್ಪು ಮೇಡಂ, ಬೋರ್ಡಿನ ತಪ್ಪಲ್ಲ. ಜಾಯಿಂಟಿಗೆ ಮೆಶ್ ಟೇಪ್ ಹಾಕಿರಲ್ಲ.

ಬಳ್ಳಾರಿ ಸೈಟ್ ಡೈರಿ · ಸೋಮವಾರ ರಾತ್ರಿ

ಅರ್ಧ ಕೆಲಸಗಾರರದು, ಅರ್ಧ ಬೋರ್ಡಿನ ಸ್ವಭಾವ. ಸಿಮೆಂಟ್ ಬೋರ್ಡಿನಲ್ಲಿ ನಾರು ಇರುತ್ತದೆ. ತೇವ ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಜಿಪ್ಸಂ ಬೋರ್ಡು ಹಾಗೆ ಉದ್ದಗಲಕ್ಕೆ ಆಡುವುದು ತೀರ ಕಡಿಮೆ, ಅದರ ತೊಂದರೆ ಜೋತು ಬೀಳುವುದು. ಸಿಮೆಂಟ್ ಬೋರ್ಡ್ ಬಗ್ಗುವುದಿಲ್ಲ, ಆಡುತ್ತದೆ. ನಮ್ಮ ಮೂರು ಜಿಲ್ಲೆಗಳಲ್ಲಿ ಏಪ್ರಿಲಿನ ಗಾಳಿ ತುಟಿ ಒಡೆಸುತ್ತದೆ, ಆಗಸ್ಟಿನಲ್ಲಿ ಕಾಲುವೆ ಬದಿಯ ಊರುಗಳಲ್ಲಿ ಬಟ್ಟೆ ಒಣಗುವುದಿಲ್ಲ. ವರ್ಷವಿಡೀ ಒಂದೇ ಸಮ ತೇವ ಇರುವ ಕರಾವಳಿಗಿಂತ ಇಲ್ಲಿ ಆಟ ಹೆಚ್ಚು. ಅದಕ್ಕೇ ಮಂಗಳೂರಿನವರು ಹೇಳಿದ್ದು ಇಲ್ಲಿಗೆ ಹಾಗೇ ಹೊಂದುವುದಿಲ್ಲ.

ಕನ್ನಡಕದ ಅಕ್ಕಾ, ಗೋಡೆ ಪುಟ್ಟಿ ಗಟ್ಟಿಯಾಗುವ ಸರಕು. ಆಡುವ ಜಾಯಿಂಟಿನಲ್ಲಿ ಅದು ಬಿರಿಯಲೇಬೇಕು, ನೀವು ಇನ್ನೂ ಮೂರು ಸಲ ತುಂಬಿಸಿದರೂ ಬಿರಿಯುತ್ತದೆ. ಎರಡು ದಾರಿ ಇವೆ. ಬೋರ್ಡುಗಳ ನಡುವೆ ಸುಮಾರು 3 ಎಂಎಂ ಸಂದು ಬಿಟ್ಟು ಪೇಂಟ್ ಹಿಡಿಯುವ ಅಕ್ರಿಲಿಕ್ ಸೀಲೆಂಟ್ ತುಂಬುವುದು. ಇಲ್ಲವೇ ಸಂದನ್ನು ಮುಚ್ಚುವುದೇ ಬೇಡ ಅಂತ ಗೆರೆಯಾಗಿ ಕಾಣುವಂತೆ ಬಿಡುವುದು. ನಾನು ಎರಡನೆಯದನ್ನೇ ಮಾಡಿಸುತ್ತೇನೆ. ಮಾಲೀಕರು ಮೊದಲು ಮುಖ ಗಂಟಿಕ್ಕುತ್ತಾರೆ, ಆಮೇಲೆ ಡಿಸೈನು ಅಂತ ನೆಂಟರಿಗೆ ತೋರಿಸುತ್ತಾರೆ.

ರಾಯಚೂರು ಇಂಟೀರಿಯರ್ · ಸೋಮವಾರ ರಾತ್ರಿ

ಹಾಲಿನಲ್ಲಿ ಗೆರೆ ಬಿಟ್ಟರೆ ಯಾವ ಗಿರಾಕಿಯೂ ಒಪ್ಪಲ್ಲ ಮೇಡಂ. ಬೋರ್ಡನ್ನು ಎರಡೂ ಬದಿ ಪ್ರೈಮರ್ ಹೊಡೆದು ಹಾಕಿದರೆ ತೇವ ಕುಡಿಯೋದೇ ಕಡಿಮೆ. ನನ್ನ ಕೆಲಸದಲ್ಲಿ ಬಿರುಕು ಬಂದದ್ದು ಎರಡೋ ಮೂರೋ ಮನೆ.

ಬಳ್ಳಾರಿ ಸೈಟ್ ಡೈರಿ · ಸೋಮವಾರ ರಾತ್ರಿ

ಹಿಂಬದಿಗೂ ಪ್ರೈಮರ್ ಹೊಡೆಯುವುದು ಒಳ್ಳೆಯ ಅಭ್ಯಾಸ, ಅದನ್ನು ಮಾಡುವವರು ಕಡಿಮೆ. ಕತ್ತರಿಸಿದ ಅಂಚಿಗೂ ಹೊಡೆಯಿರಿ, ನೀರು ಕುಡಿಯುವುದು ಅಲ್ಲಿಂದಲೇ. ಆದರೂ ದೊಡ್ಡ ಹಾಲಿಗೆ ಸಂದಿಲ್ಲದ ಸಿಮೆಂಟ್ ಬೋರ್ಡ್ ಸೀಲಿಂಗ್ ನಾನು ಹಾಕಿಸುವುದಿಲ್ಲ. ಇದರಲ್ಲಿ ನಮ್ಮಿಬ್ಬರಿಗೆ ಕೂಡಿಬರುವುದಿಲ್ಲ ಬಿಡಿ.

ಎಡದಂಡೆ ಮನಿ · ಬುಧವಾರ

ಅಕ್ಕಾರ, ಹೇಳಿದ್ದೆಲ್ಲ ಮಾಡೀನ್ರಿ.

ಅಯಸ್ಕಾಂತ ಹಿಡಿದು ನೋಡಿದೆ. ಸ್ಕ್ರೂ ಸಾಲಿನ ನಡುವ 24 ಇಂಚು ಐತಿ, ಎರಡು ಕಡೆ 26. ಹೊಟ್ಟಿ ಬಿಟ್ಟಿದ್ದು ಅಲ್ಲೇ ಹೆಚ್ಚು.

ಮಲಗೋ ಕೋಣ್ಯಾಗ ಪ್ಲಾಸ್ಟಿಕ್ ಹಾಳಿ ಹಚ್ಚಿ ಮರುದಿನ ನೋಡಿದ್ರ ಒಳಮಗ್ಗಲಿಗೆ ಹನಿ ಹನಿ ಕೂತಿತ್ತು. ಹಾಲಿನಾಗೂ ಒಂದು ಕಡೆ ತೂತು ಮಾಡಿ ಹಚ್ಚಿದ್ದೆ, ಅದು ಒಣಗಿತ್ತು. ಮಹಡಿ ಮ್ಯಾಲ ಆ ಮೂಲಿಗೆ ಸರಿಯಾಗಿ ನೀರಿನ ಟ್ಯಾಂಕ್ ಐತಿ. ತುಂಬಿ ಹರಿಯೋ ಪೈಪು ಗೋಡಿತನಕ ಬಂದಿಲ್ಲ, ಮಹಡಿ ನಡುವ ಬಿಟ್ಟಾರ. ಮೋಟರ್ ಹಾಕಿ ಮರೆತಾಗೆಲ್ಲ ಅಲ್ಲೇ ನೀರು ನಿಂತಿರ್ತೈತಿ.

ಹಾಲಿನಾಗ ಕೂಲರ್ ಐತ್ರಿ, ದೊಡ್ಡದು. ಗದ್ದಿ ಸೊಳ್ಳಿ ಬರ್ತಾವ ಅಂತ ಸಂಜಿ ಐದಕ್ಕ ಎಲ್ಲಾ ಕಿಡಕಿ ಮುಚ್ಚಿ ರಾತ್ರಿಯೆಲ್ಲಾ ಕೂಲರ್ ಹಚ್ಚತೀವಿ. ಬೆಳಿಗ್ಗೆ ಟ್ಯಾಂಕಿ ಖಾಲಿ ಆಗಿರ್ತೈತಿ.

ಬಳ್ಳಾರಿ ಸೈಟ್ ಡೈರಿ · ಬುಧವಾರ ರಾತ್ರಿ

ಹಾಗಾದರೆ ಕಥೆ ಬಿಚ್ಚಿಕೊಂಡಿತು.

ಕೂಲರ್ ಟ್ಯಾಂಕಿನ ಐವತ್ತು ಅರವತ್ತು ಲೀಟರ್ ನೀರು ರಾತ್ರಿ ಎಲ್ಲಿಗೆ ಹೋಯಿತು? ಹಾಲಿನ ಗಾಳಿಗೆ. ಕಿಟಕಿ ಮುಚ್ಚಿರುವುದರಿಂದ ಅದು ಹೊರಗೂ ಹೋಗದೆ ಬೋರ್ಡಿನೊಳಗೆ ಹೊಕ್ಕಿತು. ಕೂಲರ್‌ಗೆ ಎದುರು ಕಿಟಕಿ ತೆರೆದಿರಲೇಬೇಕು, ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲಿ ತಂಪೂ ಕೊಡದು. ಅಂದರೆ ನಿಮ್ಮ ಹಾಲನ್ನು ಕೆಡಿಸಿದ್ದು ಗದ್ದೆಯ ನೀರಲ್ಲ, ಗದ್ದೆಯ ಸೊಳ್ಳೆ. ಕಿಟಕಿಗೆ ಜಾಲರಿ ಹಾಕಿಸಿ.

ಇನ್ನು ಚಾನೆಲ್. 18 ಇಂಚಿನ ಬದಲು 24 ಅಂದರೆ ಆರೇ ಇಂಚು ಹೆಚ್ಚು ಅನ್ನಿಸುತ್ತದೆ. ಆದರೆ ಬಾಗುವಿಕೆ ಅಂತರದ ನಾಲ್ಕನೇ ಘಾತಕ್ಕೆ ಏರುತ್ತದೆ. ಆರು ಇಂಚಿಗೆ ಜೋತು ಮೂರು ಪಟ್ಟು. ಒಣ ಬೋರ್ಡು ಅದನ್ನೂ ತಡೆದೀತು, ತೇವ ಕುಡಿದದ್ದು ತಡೆಯದು. ಹಾಕಿದವರು ಉಳಿಸಿದ್ದು ಹಾಲಿಗೆಲ್ಲ ಸೇರಿ ಎರಡು ಮೂರು ಚಾನೆಲ್.

ಒಮ್ಮೆ ಜೋತ ಬೋರ್ಡು ಒಣಗಿದ ಮೇಲೂ ನೇರವಾಗುವುದಿಲ್ಲ. ಹಾಗಾಗಿ ಹಾಲಿನ ಬೋರ್ಡು ಇಳಿಸಿ. ಫ್ರೇಮ್ ತುಕ್ಕು ಹಿಡಿಯದಿದ್ದರೆ ಅದನ್ನೇ ಇಟ್ಟುಕೊಂಡು ಚಾನೆಲ್‌ಗಳನ್ನು 16 ಇಂಚಿಗೆ ಸರಿಸಿ, ಕಡಿಮೆ ಬಿದ್ದಷ್ಟು ಕೂಡಿಸಿ. ಬೋರ್ಡಿನ ಉದ್ದ ಚಾನೆಲ್‌ಗೆ ಅಡ್ಡ ಬರಬೇಕು, ಇದನ್ನು ನಿಂತು ನೋಡಿ. ಸ್ಕ್ರೂ 9 ಇಂಚಿಗೊಂದು. ಬೋರ್ಡು ಹಸಿರು ಮುಖದ್ದು ಕೇಳಿ, ಅದು ತೇವ ತಡೆಯುವ ಜಿಪ್ಸಂ. 6 ಅಡಿಗೆ 4 ಅಡಿಯ ಹಾಳೆಯಾದರೆ ನಿಮ್ಮ 252 ಚದರಡಿಗೆ ಲೆಕ್ಕಕ್ಕೆ ಹತ್ತೂವರೆ, ತುಂಡು ಹಾಳಾಗುವುದು ಸೇರಿ ಹನ್ನೆರಡು ತರಿಸಿ. ಹಸಿರು ಅಂದರೆ ನೀರು ಸುರಿದರೂ ನಡೆಯುತ್ತದೆ ಅಂತಲ್ಲ. ಗಾಳಿಯ ತೇವ ತಡೆದೀತು, ಸೋರುವ ಸ್ಲ್ಯಾಬ್ ತಡೆಯದು.

ಮಲಗುವ ಕೋಣೆಗೆ ಈಗ ಬೋರ್ಡು ಮುಟ್ಟಬೇಡಿ. ಮೊದಲು ಟ್ಯಾಂಕಿನ ಪೈಪನ್ನು ನೀರು ಹೋಗುವ ತೂಬಿನವರೆಗೆ ಒಯ್ಯಿರಿ. ಆ ಜಾಗದ ಮಹಡಿ ಬಿರುಕು ತುಂಬಿಸಿ, ವಾಟರ್‌ಪ್ರೂಫಿಂಗ್ ಮಾಡಿಸಿ, ಸುತ್ತ ಮಣ್ಣಿನ ಕಟ್ಟೆ ಕಟ್ಟಿ ಎರಡು ದಿನ ನೀರು ನಿಲ್ಲಿಸಿ ನೋಡಿ. ಸ್ಲ್ಯಾಬ್ ಒಣಗಲು ವಾರಗಟ್ಟಲೆ ಬೇಕು. ಪ್ಲಾಸ್ಟಿಕ್ ಹಾಳೆ ಮತ್ತೆ ಹಚ್ಚಿ, ಒಳಗೆ ಒಣಗಿದ್ದರೆ ಮಾತ್ರ ಒಂದೋ ಎರಡೋ ಬೋರ್ಡು ಬದಲಿಸಿ. ಇಲ್ಲಿ ಸಿಮೆಂಟ್ ಬೋರ್ಡ್ ಹಾಕಿದ್ದಿದ್ದರೆ ಉಂಗುರ ಬಹಳ ತಡವಾಗಿ ಕಾಣುತ್ತಿತ್ತು. ಅಷ್ಟರಲ್ಲಿ ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟ್ ಉದುರಲು ಶುರುವಾಗಿರುತ್ತಿತ್ತು.

ಹಳೇ ಕರಣಿ · ಗುರುವಾರ

ಬಿಳಿ ಸಿಮೆಂಟ್ ಮಾತು ವಾಪಸ್ ತಗೊಂಡೆ ತಾಯಿ. ಈಗ ನೆನಪಾತು, ಸಿರುಗುಪ್ಪದಾಗ ಒಂದು ಮನಿ ಬಚ್ಚಲದ ಮುಂದ ಹಂಗ ಹೆಕ್ಕಳ ಎದ್ದಿತ್ತು, ನಾನು ಪಿಒಪಿ ಹಳೇದು ಬಂದೈತಿ ಅಂತ ಅಂಗಡ್ಯಾವಗ ಬೈದು ಬಂದಿದ್ದೆ. ಆದ್ರ ಹಾಲಿಗೆ ಬರೀ ಪಿಒಪಿ ಯಾಕ ಬ್ಯಾಡ?

ಬಳ್ಳಾರಿ ಸೈಟ್ ಡೈರಿ · ಗುರುವಾರ

ಬೇಡ ಅಂತೇನಿಲ್ಲ ಕಾಕಾ, ಕಾಲ ನೋಡಬೇಕು. ಕಿಲೋ ಪಿಒಪಿಗೆ ನೀವು ಮುಕ್ಕಾಲು ಲೀಟರ್‌ವರೆಗೂ ನೀರು ಹಾಕ್ತೀರಿ. ಗಟ್ಟಿಯಾಗಲು ಅದಕ್ಕೆ ಬೇಕಾದದ್ದು ಲೀಟರಿನ ಐದನೇ ಒಂದು ಪಾಲೂ ಅಲ್ಲ. ಉಳಿದದ್ದೆಲ್ಲ ಗಾಳಿಗೆ ಹಾರಬೇಕು. ಮಾರ್ಚಿನಲ್ಲಿ ಹಾರುತ್ತದೆ. ಗದ್ದೆಯಲ್ಲಿ ನೀರು ನಿಂತಿರುವಾಗ, ಕಿಟಕಿ ಮುಚ್ಚಿದ ಮನೆಯಲ್ಲಿ, ಹಾರುವುದಿಲ್ಲ. ಮೇಲೆ ಪೇಂಟ್ ಬಳಿದರೆ ಒಳಗೇ ಕೂತು ಬೂಷ್ಟು ಹಿಡಿಯುತ್ತದೆ, ತಂತಿ ಜಾಳಿಗೆ ಸತುವಿನ ಲೇಪದ್ದಲ್ಲದಿದ್ದರೆ ತುಕ್ಕಿನ ಕಲೆ ಹೊರಗೆ ಬರುತ್ತದೆ. ಹೂವಿನ ಅಂಚು, ಗುಮ್ಮಟದ ಆಕಾರ ಬೇಕೆಂದರೆ ಇವತ್ತಿಗೂ ಪಿಒಪಿಯೇ, ಅದಕ್ಕೆ ನಿಮ್ಮಂಥ ಕೈಯೇ ಬೇಕು.

ಸಿಂಧನೂರು ರೈಸ್‌ಮಿಲ್ · ಗುರುವಾರ

ನಮ್ಮ ಮಿಲ್ ಆಫೀಸು ತಗಡಿನ ಶೀಟಿನ ಕೆಳಗ ಐತ್ರಿ. ಭತ್ತ ಕುದಿಸೋ ಉಗಿ ಬ್ಯಾರೆ. ಜಿಪ್ಸಂ ಹಾಕ್ಸಿದ್ವಿ. ಎರಡು ಬ್ಯಾಸಿಗಿ ಆದಮ್ಯಾಲ ಸ್ಕ್ರೂ ಸುತ್ತ ಪುಡಿ ಪುಡಿಯಾಗಿ ಬೋರ್ಡು ಕಳಚಿ ಬಿತ್ತು. ಬಿದ್ದಿದ್ದು ಬ್ಯಾಸಿಗ್ಯಾಗ, ಮಳಿಗಾಲದಾಗ ಅಲ್ಲ. ಅದಕ ತೇವ ಅಂತ ಹೆಂಗ ಅಂತೀರಿ?

ಬಳ್ಳಾರಿ ಸೈಟ್ ಡೈರಿ · ಗುರುವಾರ ರಾತ್ರಿ

ನಿಮ್ಮದರಲ್ಲಿ ಮುಖ್ಯ ಅಪರಾಧಿ ಬಿಸಿ ಇರಬೇಕು. ಜಿಪ್ಸಂ ಬೋರ್ಡು ಸುಮಾರು 52 ಡಿಗ್ರಿ ದಾಟಿದ ಜಾಗದಲ್ಲಿ ಬಹಳ ಕಾಲ ಇರಬಾರದು. ಒಳಗಿನ ಹರಳಿನ ನೀರೇ ನಿಧಾನಕ್ಕೆ ಬಿಟ್ಟುಹೋಗಿ ಬೋರ್ಡು ಹಿಟ್ಟಾಗುತ್ತದೆ. ಮೇ ತಿಂಗಳ ಮಧ್ಯಾಹ್ನ ಸಿಂಧನೂರಿನ ತಗಡನ್ನು ಕೈಯಲ್ಲಿ ಮುಟ್ಟಲಾಗುವುದಿಲ್ಲ. ಉಗಿಯೂ ಕೂಡಿದರೆ ಕೇಳುವುದೇ ಬೇಡ. ನಿಮಗೆ ಸಿಮೆಂಟ್ ಬೋರ್ಡೇ ಸರಿ, ತಗಡಿನ ಕೆಳಗೆ ಶಾಖ ತಡೆಯುವ ಪದರ ಹಾಕಿ, ಗಾಳಿ ಹೊರಹೋಗಲು ದಾರಿ ಬಿಡಿ. ಆಫೀಸಿಗೆ ಗೆರೆ ಕಂಡರೇನಂತೆ.

ಎಡದಂಡೆ ಮನಿ · ಶುಕ್ರವಾರ

ಪಾರ್ಟಿಶನ್ ಮರತೇಬಿಟ್ರಿ ಅಕ್ಕಾರ.

ಬಳ್ಳಾರಿ ಸೈಟ್ ಡೈರಿ · ಶುಕ್ರವಾರ

ಬೇಸಿನ್ ಕಡೆಯ ಮುಖಕ್ಕೆ ಸಿಮೆಂಟ್ ಬೋರ್ಡ್, ಊಟದ ಕಡೆಗೆ ಹಸಿರು ಜಿಪ್ಸಂ. ಆದರೆ ಪಾರ್ಟಿಶನ್ ಕೆಡುವುದು ಬೇಸಿನ್ನಿನ ಹನಿಗಿಂತ ನೆಲ ಒರೆಸುವ ನೀರಿಗೆ. ಬೋರ್ಡು ನೆಲಕ್ಕೆ ತಾಗಿ ನಿಂತರೆ ದೀಪದ ಬತ್ತಿಯಂತೆ ನೀರು ಮೇಲಕ್ಕೆ ಎಳೆಯುತ್ತದೆ, ಕೆಳಗಿನ ಅರ್ಧ ಅಡಿ ಮೆತ್ತಗಾಗುತ್ತದೆ. ಹಾಗಾಗಿ ಮೊದಲು ಮೂರು ನಾಲ್ಕು ಇಂಚಿನ ಕಾಂಕ್ರೀಟ್ ಕಟ್ಟೆ ಹಾಕಿ, ಅದರ ಮೇಲೆ ಕೆಳಗಿನ ಪಟ್ಟಿ ಕೂರಿಸಿ. ಕಟ್ಟೆಗೂ ಬೋರ್ಡಿಗೂ 10 ಎಂಎಂ ಸಂದು ಬಿಟ್ಟು ಸೀಲೆಂಟ್ ತುಂಬಿ. ಸಿಮೆಂಟ್ ಬೋರ್ಡು ಕೊಳೆಯುವುದಿಲ್ಲ ನಿಜ, ಆದರೆ ನೀರನ್ನು ಒಳಗೆ ಬಿಡುತ್ತದೆ. ಟೈಲ್ಸ್ ಹಚ್ಚುವ ಮುಂಚೆ ವಾಟರ್‌ಪ್ರೂಫ್ ಲೇಪ ಎರಡು ಕೈ ಬೇಕು. ಬೇಸಿನ್ ಭಾರವನ್ನು ಬೋರ್ಡಿಗೆ ಬಿಡಬೇಡಿ, ಒಳಗೆ ಎರಡು ಕಂಬದ ನಡುವೆ ಅಡ್ಡ ಕಬ್ಬಿಣ ಕೊಡಿಸಿ ಅದಕ್ಕೆ ಬೋಲ್ಟ್ ಹಾಕಿಸಿ. ಬೋರ್ಡು ಕೊಯ್ಯುವಾಗ ಮನೆಯೊಳಗೆ ಕೊಯ್ಯಲು ಬಿಡಬೇಡಿ, ಆ ಧೂಳು ಶ್ವಾಸಕ್ಕೆ ಕೆಟ್ಟದ್ದು. ಕೆಲಸದವರಿಗೆ ಮಾಸ್ಕ್ ನೀವೇ ಕೊಡಿ, ಕೇಳಿದರೂ ಅವರು ತರುವುದಿಲ್ಲ.

ರಾಯಚೂರು ಇಂಟೀರಿಯರ್ · ಶುಕ್ರವಾರ

ಪಾರ್ಟಿಶನ್ ವಿಷಯಕ್ಕೆ ಒಪ್ಪಿದೆ. ಹಾಲಿಗೆ ಈಗಲೂ ಸಿಮೆಂಟ್ ಬೋರ್ಡೇ ಅಂತೀನಿ. ಕಿಟಕಿ ತೆರೀರಿ ಅಂತ ಹೇಳೋದು ಸುಲಭ, ಆ ಊರಲ್ಲಿ ಸಂಜೆ ತೆರೆದು ಕೂತು ನೋಡಿ.

ಎಡದಂಡೆ ಮನಿ · ಮೂರು ವಾರದ ನಂತರ

ಟ್ಯಾಂಕಿನ ಪೈಪ್ ಗೋಡಿತನಕ ಎಳೆಸೀವಿ, ಮಹಡಿ ಬಿರುಕು ತುಂಬಿಸೀವಿ. ಎರಡು ದಿನ ನೀರು ನಿಲ್ಲಿಸಿದ್ವಿ, ಕೆಳಗ ಹೊಸ ಉಂಗುರ ಬಂದಿಲ್ಲ. ಪ್ಲಾಸ್ಟಿಕ್ ಹಾಳ್ಯಾಗ ಮಾತ್ರ ಇನ್ನೂ ಸಣ್ಣಗ ಮಂಜು ಕೂಡತೈತಿ, ಅದಕ್ಕ ಆ ಬೋರ್ಡು ಹಂಗ ಬಿಟ್ಟೀವಿ. ಹಾಲಿನ ಬೋರ್ಡು ಇಳಿಸಿದ್ವಿ. ಎರಡು ಚಾನೆಲ್‌ನಾಗ ಸ್ಕ್ರೂ ಹೊಡೆದಿರಲೇ ಇಲ್ಲ, ಬರೀ ಬೋರ್ಡಿಗೆ ಹೊಡೆದಿದ್ರು! ಜಾಲರಿ ಬಾಗಲಾ ಹಚ್ಚಿಸೀವಿ. ಹಸಿರು ಬೋರ್ಡು ಗಂಗಾವತ್ಯಾಗ ಸಿಗಲಿಲ್ಲ, ಹೊಸಪೇಟಿಯಿಂದ ಬರಬೇಕು.

ಸವಳು ಹೊಲ · ಮೂರು ವಾರದ ನಂತರ

ತಮ್ಮಾ, ಇಳಿಸಿದ ಹಳೇ ಬೋರ್ಡು ಏನ್ ಮಾಡ್ತೀರಿ? ಪುಡಿ ಮಾಡಿ ನನ್ನ ಹೊಲಕ್ಕ ಹಾಕಬಹುದಾ?

ಬಳ್ಳಾರಿ ಸೈಟ್ ಡೈರಿ · ಮೂರು ವಾರದ ನಂತರ

ಬೇಡ ಅಣ್ಣಾ. ಅದರಲ್ಲಿ ಕಾಗದ, ಪುಟ್ಟಿ, ಪೇಂಟು, ಸ್ಕ್ರೂ ಎಲ್ಲ ಇರುತ್ತವೆ. ಭತ್ತ ನಾಟಿ ಮಾಡುವವರ ಕಾಲಿಗೆ ಸ್ಕ್ರೂ ಚುಚ್ಚೀತು. ಮಣ್ಣು ಪರೀಕ್ಷೆಗೆ ಕೊಟ್ಟಿರಾ?

ಸವಳು ಹೊಲ · ಮೂರು ವಾರದ ನಂತರ

ಕೊಟ್ಟೀನಿ. ಇನ್ನೂ ರಿಪೋರ್ಟ್ ಬಂದಿಲ್ಲ.